ತುಲಾಭಾರದ ಕಂಬದ ಹತ್ತಿರ ನೀನಂದ ಮಾತು

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಬರೆದದ್ದೆಲ್ಲ ಒಬ್ಬಳಿಗೇ ಆಗಿತ್ತು. ಒಂದೇ ಪತ್ರವನ್ನ ಮೂರು ಸಲ ಬರೆದೆ. ಮೂರನೆಯದನ್ನ ಕವರಿಗೆ ಹಾಕಿ ಅಂಚೆಗೆ ಕೊಟ್ಟೆ. (ಹೌದು, ಅಂಚೆಗೇ! ಪೋಸ್ಟ್ ಆಫೀಸಿನವರು ನನ್ನನ್ನ ನೋಡಿದ ರೀತಿ ಬೇರೆ ಕಥೆ.) ಓದಿದ ಮೇಲೆ ಅವಳೇ "ಬ್ಲಾಗಿಗೆ ಹಾಕ್ಕೋ, ಆದ್ರ ನನ್ನ ಹೆಸರು ಬ್ಯಾಡ" ಅಂದಳು. ಹಾಗಾಗಿ ಹೆಸರಿಲ್ಲ.

ವಿಷಯ ಇಷ್ಟೇ. 2025ರ ಫೆಬ್ರವರಿಯಲ್ಲಿ ನಮ್ಮ ಇಂಜಿನಿಯರಿಂಗ್ ಗ್ಯಾಂಗಿನ ಒಬ್ಬಳ ಮದುವೆ ಕಂಪ್ಲಿಯಲ್ಲಿತ್ತು. ಮಾರನೇ ದಿನ ಒಂಬತ್ತು ಜನ ಎರಡು ಗಾಡಿ ಮಾಡಿಕೊಂಡು ಕಮಲಾಪುರದ ಮೇಲೆ ಹಂಪಿಗೆ ಹೋದ್ವಿ. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಹಂಪಿ ಅಂದ್ರೆ ಬೆಂಗಳೂರಿಂದ ನೆಂಟರು ಬಂದಾಗ ಕರ್ಕೊಂಡು ಹೋಗೋ ಜಾಗ ಅಷ್ಟೇ. ಆದ್ರೆ ಈ ಸಲ ನಾವೇ ನೆಂಟರಾಗಿದ್ವಿ. ವಿಠ್ಠಲ ದೇವಸ್ಥಾನ ನೋಡಿ, ನದಿ ದಂಡೆಯ ದಾರಿಯಲ್ಲಿ ವಿರೂಪಾಕ್ಷನ ಕಡೆ ನಡೀತಿರುವಾಗ ರಾಜರ ತುಲಾಭಾರ ಸಿಗುತ್ತಲ್ಲ, ಎರಡು ಕಲ್ಲಿನ ಕಂಬ, ಮೇಲೊಂದು ಕಲ್ಲಿನ ತೊಲೆ, ತೊಲೆಯ ಕೆಳಗೆ ತಕ್ಕಡಿ ಕಟ್ಟೋಕೆ ಮೂರು ಬಳೆ... ಅಲ್ಲಿ ನಿಂತಾಗ ಅವಳು ಒಂದು ಮಾತು ಅಂದಳು. ನನ್ನ ತೂಕದ ಬಗ್ಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೊದಲನೇ ಪತ್ರ ಅವತ್ತೇ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನ ಅಪ್ಪರ್ ಬರ್ತಿನಲ್ಲಿ ಮಲಗಿ ಮೊಬೈಲಿನಲ್ಲಿ ಕುಟ್ಟಿದ್ದು. ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ಓದಿದ್ರೆ ನನಗೇ ಹೆದರಿಕೆ ಆಯ್ತು. 2015ರಿಂದ ಅವಳು ಮಾಡಿದ ತಪ್ಪೆಲ್ಲ ಅದರಲ್ಲಿತ್ತು. ನನ್ನ ಲ್ಯಾಬ್ ರೆಕಾರ್ಡ್ ಕಳೆದದ್ದು, ನನ್ನ ಹುಟ್ಟುಹಬ್ಬ ಮರೆತದ್ದು, ಅವಳ ಮದುವೆಯಲ್ಲಿ ನನ್ನನ್ನ ಸ್ಟೇಜಿಗೆ ಕರೆಯದೇ ಇದ್ದದ್ದು. ಪ್ರತಿ ಎರಡನೇ ಸಾಲಲ್ಲಿ "ನೀನು ಯಾವಾಗಲೂ". ಆಫೀಸಲ್ಲಿ ಯಾರಾದ್ರೂ "ನಿಮ್ಮ ಸಾಫ್ಟ್‌ವೇರ್ ಯಾವಾಗಲೂ ಹಿಂಗೇ" ಅಂತ ಬಗ್ ರಿಪೋರ್ಟ್ ಬರೆದ್ರೆ ನಾವು ಏನು ಮಾಡ್ತೀವಿ? ಮುಚ್ಚಿ ಬಿಸಾಕ್ತೀವಿ. ಯಾವ ಸ್ಕ್ರೀನು, ಏನು ಒತ್ತಿದ್ರಿ, ಏನಾಯ್ತು, ಏನಾಗಬೇಕಿತ್ತು, ಅಷ್ಟು ಹೇಳಿದ್ರೆ ಮಾತ್ರ ಸರಿ ಮಾಡೋಕೆ ಬರುತ್ತೆ. "ಯಾವಾಗಲೂ" ಅಂದ ಕೂಡಲೇ ಎದುರಿನವರು ಹಾಗಲ್ಲದ ಒಂದು ದಿನವನ್ನ ಹುಡುಕಿ ತರ್ತಾರೆ, ಜಗಳ ಅದರ ಮೇಲೆ ನಡೆಯುತ್ತೆ. ಅಳಿಸಿದೆ.

ಎರಡನೆಯದು ಇನ್ನೂ ಕೆಟ್ಟದ್ದು, ಆದ್ರೆ ಅದು ಕೆಟ್ಟದ್ದು ಅಂತ ಗೊತ್ತಾಗೋಕೆ ನನಗೆ ಒಂದು ವಾರ ಬೇಕಾಯ್ತು. ಅದರ ತುಂಬಾ ನನ್ನ ಥೈರಾಯ್ಡ್ ಇತ್ತು. ರಿಪೋರ್ಟಿನ ಫೋಟೋ ಸಮೇತ! "ನೋಡು, ನನಗೆ ಕಾಯಿಲೆ ಇದೆ, ನನ್ನ ತಪ್ಪಲ್ಲ" ಅನ್ನೋ ಧಾಟಿ. ಓದಿ ಓದಿ ಒಂದು ದಿನ ತಲೆಗೆ ಹೊಳೀತು. ಕಾಯಿಲೆ ಇಲ್ಲದೇ ಇದ್ದಿದ್ರೆ? ಸುಮ್ಮನೆ ಮಿರ್ಚಿ ತಿಂದೇ ದಪ್ಪ ಆಗಿದ್ರೆ ಆ ಮಾತು ಸರಿಯಾಗ್ತಿತ್ತಾ? ನಾನು ಪತ್ರ ಬರೀತಿದ್ದೀನೋ, ರಜೆಗೆ ಮೆಡಿಕಲ್ ಸರ್ಟಿಫಿಕೇಟ್ ಕೊಡ್ತಿದ್ದೀನೋ?

ಅದನ್ನೂ ಹರಿದೆ. ಮೂರನೆಯದು ಇದು.

*

ಪ್ರೀತಿಯ ಕಂಪ್ಲಿ ಹುಡುಗೀ,

ಈಗ ಸಂಡೂರಿನ ಸೊಸೆ ಆಗಿದ್ದೀಯ, ಆದ್ರೂ ನನಗೆ ನೀನು ಬೆಳಿಗ್ಗೆ ಕಂಪ್ಲಿ ಬಸ್ಸಿನಿಂದ ಇಳೀತಿದ್ದ ಹುಡುಗಿಯೇ. ಫೋನ್ ಮಾಡೋಣ ಅಂದುಕೊಂಡೆ. ಎರಡು ಮಾತಾಡೋದರೊಳಗೆ ನನ್ನ ದನಿ ಒಡೆಯುತ್ತೆ, ನೀನು ಗಾಬರಿಯಾಗಿ ಸಾರಿ ಸಾರಿ ಅಂತೀಯ, ನಾನು "ಇರ್ಲಿ ಬಿಡೇ" ಅಂತೀನಿ, ಮುಗೀತು. ಹೇಳಬೇಕಾದ್ದು ಒಳಗೇ ಉಳೀತದೆ. ಅದಕ್ಕೇ ಕಾಗದ.

ತುಲಾಭಾರದ ಕಂಬದ ಹತ್ತಿರ ನಿಂತಾಗ ನೀನು ಅಂದದ್ದು ಇದು: "ಇವಳನ್ನ ಇಲ್ಲಿ ತೂಗಿದ್ರ ಕೃಷ್ಣದೇವರಾಯನ ಖಜಾನೆನೂ ಸಾಲಂಗಿಲ್ಲ ಬಿಡ್ರೀ, ಕಲ್ಲಿನ ತೊಲೀನೇ ಮುರೀತೈತಿ!" ನಾನು ಒಂದಕ್ಷರ ಸೇರಿಸಿಲ್ಲ. ಒಂಬತ್ತು ಜನ ಇದ್ವಿ. ಅದರಲ್ಲಿ ಇಬ್ಬರು ನಾನು ಅವತ್ತೇ ಮೊದಲ ಸಲ ನೋಡಿದ ಗಂಡಂದಿರು. ಎಲ್ಲರೂ ನಕ್ಕರು. ಹಿಂದಿನಿಂದ ಯಾರೋ "ಪಾಪ" ಅಂದ್ರು. ನಿನ್ನ ಮಾತಿಗಿಂತ ಆ "ಪಾಪ" ಜಾಸ್ತಿ ಚುಚ್ಚಿತು, ಆದ್ರೆ ಅದನ್ನ ಕರೆದು ತಂದದ್ದು ನಿನ್ನ ಮಾತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಅದಕ್ಕೇ ನಿನಗೆ ಏನೂ ಗೊತ್ತಾಗಲಿಲ್ಲ. ಅದು ನಿನ್ನ ತಪ್ಪಲ್ಲ. ದಪ್ಪಗಿರೋರು ಮೊದಲು ಕಲಿಯೋ ವಿದ್ಯೆನೇ ಅದು, ಬೇರೆಯವರು ನಗೋ ಮುಂಚೆ ನಕ್ಕುಬಿಡೋದು.

ಆಮೇಲೆ ಏನಾಯ್ತು ಅಂತ ಹೇಳ್ತೀನಿ, ಯಾಕಂದ್ರೆ ಅದು ನಿನಗೆ ಕಾಣಿಸಿರಲ್ಲ. ಗ್ರೂಪ್ ಫೋಟೋಗೆ ನಾನು ಹಿಂದೆ ಹೋಗಿ, ಎತ್ತರದವರ ಬೆನ್ನಿಗೆ ನಿಂತೆ. ಮಾತಂಗ ಗುಡ್ಡ ಹತ್ತೋಣ ಅಂದಾಗ ಕಾಲು ನೋವು ಅಂದೆ. ಕಾಲು ನೋಯ್ತಿರಲಿಲ್ಲ. ಏದುಸಿರು ಬಿಡೋದನ್ನ ಯಾರೂ ನೋಡೋದು ಬೇಡ ಅನ್ನಿಸ್ತು. ನೀವೆಲ್ಲ ಮೇಲೆ ಹೋಗಿದ್ದಾಗ ನಾನು ಕೆಳಗೆ ಎಳನೀರಿನವಳ ಹತ್ತಿರ ಕೂತು ಅವಳ ಸೊಸೆ ಕಥೆ ಕೇಳ್ತಿದ್ದೆ. ಸಂಜೆ ಹೋಟೆಲಲ್ಲಿ "ನನಗೆ ಹಸಿವಿಲ್ಲ" ಅಂದೆ. ನೀನು "ಡಯಟ್ಟಾ? ಭೇಷ್!" ಅಂದಿ. ರಾತ್ರಿ ಸ್ಟೇಷನ್ನಿನಲ್ಲಿ ಒಬ್ಬಳೇ ಆದ ಮೇಲೆ ಎರಡು ಪೊಟ್ಟಣ ಚಿಪ್ಸ್, ಒಂದು ಕೇಕ್ ತಗೊಂಡು ಬರ್ತಿನ ಮೇಲೆ ಕರ್ಟನ್ ಎಳೆದುಕೊಂಡು ತಿಂದೆ. ಹಸಿವಿಗಲ್ಲ. ಇದನ್ನ ಈವರೆಗೆ ಯಾರಿಗೂ ಹೇಳಿಲ್ಲ. ದಪ್ಪಗಿರೋರನ್ನ ನಾಚಿಕೆ ಮಾಡಿಸಿದ್ರೆ ಸಪೂರ ಆಗ್ತಾರೆ ಅಂತ ಜನ ತಿಳ್ಕೊಂಡಿದ್ದಾರಲ್ಲ, ಅವತ್ತು ನನ್ನ ಮಟ್ಟಿಗೆ ನಡೆದದ್ದು ಹಿಂಗೆ. ಹತ್ತಬೇಕಿದ್ದ ಗುಡ್ಡ ತಪ್ಪಿತು, ತಿನ್ನಬಾರದ್ದನ್ನ ತಿಂದೆ.

ಈಗ ತೂಕದ ಲೆಕ್ಕವನ್ನೂ ಸರಿಯಾಗಿ ಕೊಟ್ಟುಬಿಡ್ತೀನಿ, ಗುಟ್ಟೇನಲ್ಲ. 2019ರಲ್ಲಿ ಕೆಲಸಕ್ಕೆ ಸೇರಿದಾಗ 62 ಕೆಜಿ. ಮದುವೆಗೆ ಬಂದಾಗ 79. ಹದಿನೇಳು ಕೆಜಿ ಹೆಂಗೆ ಬಂತು ಅಂತ ನೀನು ಯಾವತ್ತೂ ಕೇಳಿಲ್ಲ, ಕೇಳಿದ್ರೆ ಹೇಳ್ತಿದ್ದೆ. 2020ರ ಲಾಕ್‌ಡೌನಲ್ಲಿ ಹೊಸಪೇಟೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವಳು ಒಂದೂವರೆ ವರ್ಷ ಏಳಲಿಲ್ಲ. ಸಂಜೆ ಐದಕ್ಕೆ ಅವ್ವ ಒಗ್ಗರಣಿ ಮಿರ್ಚಿ ತಂದಿಡ್ತಿದ್ದಳು, ಆರಕ್ಕೆ ಅಮೆರಿಕದವರ ಕಾಲ್ ಶುರು, ಹನ್ನೊಂದಕ್ಕೆ ಊಟ, ಹಂಗೇ ನಿದ್ದೆ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಅದೇ ಅಭ್ಯಾಸ, ಮಿರ್ಚಿ ಬದಲು ಬೇರೆ ಏನೋ.

2023ರಿಂದ ಇನ್ನೊಂದು ಶುರುವಾಯ್ತು. ಎಂಟು ಗಂಟೆ ಮಲಗಿ ಎದ್ದರೂ ಮೈ ಕಲ್ಲು ಕಟ್ಟಿದ ಹಾಗೆ. ಎಲ್ಲರೂ ಫ್ಯಾನ್ ಹಾಕಿದ್ರೆ ನನಗೆ ಚಳಿ. ತಲೆ ಬಾಚಿದ್ರೆ ಕೈ ತುಂಬಾ ಕೂದಲು. ಮುಟ್ಟು ಎಂಟು ದಿನ, ಒಂಬತ್ತು ದಿನ. ಮುಖ ಬೆಳಿಗ್ಗೆ ಉಬ್ಬಿರ್ತಿತ್ತು. ಇಷ್ಟೆಲ್ಲ ಆದ್ರೂ ಒಂದು ವರ್ಷ ಡಾಕ್ಟರ್ ಹತ್ತಿರ ಹೋಗಲಿಲ್ಲ. ಯಾಕೆ ಗೊತ್ತಾ? ಹೋದ ಕೂಡಲೇ ತೂಕದ ಮಷಿನ್ ಮೇಲೆ ನಿಲ್ಲಿಸ್ತಾರೆ ಅಂತ! ಸುಸ್ತು ಅಂದ್ರೆ ಎಲ್ಲರದ್ದೂ ಒಂದೇ ಉತ್ತರ, "ತೂಕ ಇಳಿಸು, ಎಲ್ಲ ಸರಿ ಹೋಗ್ತೈತಿ". ನಾನೂ ಅದನ್ನೇ ನಂಬಿದ್ದೆ. ದಪ್ಪಗಿದ್ದೀನಿ, ಅದಕ್ಕೇ ಸುಸ್ತು ಅಂತ.

ಕೊನೆಗೆ 2024ರ ಜುಲೈಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ 14.2 ಬಂತು. ಸುಮಾರು 0.4ರಿಂದ 4ರ ಒಳಗೆ ಇರಬೇಕಾದ್ದು, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ. ಕುತ್ತಿಗೆಯಲ್ಲಿರೋ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದೇ ಇದ್ದಾಗ, ಮಿದುಳಿನ ಬುಡದಲ್ಲಿರೋ ಇನ್ನೊಂದು ಗ್ರಂಥಿ "ಮಾಡೇ, ಮಾಡೇ" ಅಂತ ಕೂಗೋ ಕೂಗು ಅದು. ಅಂಕಿ ಜಾಸ್ತಿ ಅಂದ್ರೆ ಕೂಗು ಜೋರು ಅಂತ ಅರ್ಥ. ಅವತ್ತಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಇಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನ ಇದರ ಜೊತೆ ನುಂಗಬಾರದು, ನಾಲ್ಕು ಗಂಟೆ ಬಿಟ್ಟು ತಗೋಬೇಕು, ಇಲ್ಲದಿದ್ರೆ ಇದು ಮೈಗೆ ಹತ್ತಲ್ಲ. ನಾನು ಮೊದಲ ಎರಡು ತಿಂಗಳು ಕಾಫಿ ಜೊತೆಯೇ ನುಂಗಿದ್ದೆ. ಮತ್ತೆ ಪರೀಕ್ಷೆ ಮಾಡಿಸಿದಾಗ ಅಂಕಿ ಹೆಚ್ಚೇನೂ ಇಳಿದಿರಲಿಲ್ಲ. ಮಾತ್ರೆ ತಗೊಳೋದು ಹೆಂಗೆ ಅಂತ ಡಾಕ್ಟರ್ ಕೇಳಿದಾಗಲೇ ಗುಟ್ಟು ರಟ್ಟಾಯ್ತು.

ಇದನ್ನ ಬರೆದದ್ದು "ಪಾಪ" ಅನ್ನಿಸಿಕೊಳ್ಳೋಕಲ್ಲ. ಡಾಕ್ಟರ್ ಅವತ್ತೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರು, ಥೈರಾಯ್ಡಿನಿಂದ ಬರೋ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆಜಿ, ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ಉಪ್ಪು ನೀರು. ಉಳಿದದ್ದು ನನ್ನದೇ, ಕುರ್ಚಿಯದ್ದು, ರಾತ್ರಿ ಊಟದ್ದು. ಮಾತ್ರೆಯಿಂದ ಮೂರು ಕೆಜಿ ಇಳಿದು ನಿಂತಿತು. ಮೊದಲು 82 ಇದ್ದದ್ದು 79ಕ್ಕೆ ಬಂದಿತ್ತು. ಅಂದ್ರೆ ನೀನು ನನ್ನನ್ನ ನೋಡಿ ನಕ್ಕ ದಿನ, ಐದಾರು ವರ್ಷದಲ್ಲಿ ಮೊದಲ ಸಲ ತೂಕ ಇಳಿಸಿಕೊಂಡು ನಾನು ಊರಿಗೆ ಬಂದಿದ್ದೆ. ಯಾರಾದ್ರೂ ಗುರುತಿಸ್ತಾರಾ ಅಂತ ಆಸೆ ಬೇರೆ ಇತ್ತು. ಈಗ ಬರೆಯುವಾಗ ನಗು ಬರ್ತಿದೆ.

ಆದ್ರೆ ಈ ಲೆಕ್ಕ ಯಾವುದೂ ಇಲ್ಲದೇ ಇದ್ದಿದ್ರೂ, ಹದಿನೇಳಕ್ಕೆ ಹದಿನೇಳೂ ಮಿರ್ಚಿಯದ್ದೇ ಆಗಿದ್ದಿದ್ರೂ, ನನಗೆ ಅಷ್ಟೇ ನೋವಾಗ್ತಿತ್ತು. ನಾನು ನಿನಗೆ ಹೇಳಬೇಕಾದ್ದು ಇದು. ಕಾಯಿಲೆಯವಳನ್ನ ಅಂದುಬಿಟ್ಟೆನಲ್ಲ ಅಂತ ನೀನು ಕೊರಗಿದ್ರೆ ನನ್ನ ಪತ್ರ ದಂಡ. ಗೆಳತಿಯನ್ನ ಗೊತ್ತಿಲ್ಲದವರ ಮುಂದೆ ತಕ್ಕಡಿಯಲ್ಲಿ ಕೂರಿಸಿದೆ, ಅಷ್ಟು ಮಾತ್ರ ನೋಡು.

ತಕ್ಕಡಿ ಅಂದ ಕೂಡಲೇ ಒಂದು ನೆನಪಾಯ್ತು. ಬಂದ ಮೇಲೆ ಆ ತುಲಾಭಾರದ ಬಗ್ಗೆ ಓದಿದೆ (ಸಿಟ್ಟಲ್ಲೂ ಓದೋ ಚಟ ಬಿಡಲ್ಲ, ನಿನಗೆ ಗೊತ್ತಲ್ಲ). ಗ್ರಹಣ, ಪಟ್ಟಾಭಿಷೇಕದಂಥ ದಿನಗಳಲ್ಲಿ ರಾಜ ಒಂದು ತಟ್ಟೆಯಲ್ಲಿ ಕೂರ್ತಿದ್ದ, ಇನ್ನೊಂದರಲ್ಲಿ ಬಂಗಾರ. ತೂಗಿದ್ದನ್ನೆಲ್ಲ ದಾನ ಮಾಡ್ತಿದ್ದರು. ಅಚ್ಯುತರಾಯ 1533ರಲ್ಲಿ ಕಂಚಿಯಲ್ಲಿ ಮುತ್ತುಗಳಿಗೇ ತೂಗಿಸಿಕೊಂಡ ಅಂತ ಶಾಸನ ಇದೆ. ಅಂದ್ರೆ ಆ ಕಂಬದ ಕೆಳಗೆ ರಾಜ ದಪ್ಪಗಿದ್ದಷ್ಟೂ ಕಾಯ್ತಾ ನಿಂತವರಿಗೆ ಲಾಭ. "ಸ್ವಲ್ಪ ಇಳಿಸ್ರೀ ಮಹಾಸ್ವಾಮಿ" ಅಂತ ಅಲ್ಲಿ ಯಾರೂ ಅಂದಿರಲಿಕ್ಕಿಲ್ಲ! ನೀನು ಜೋಕ್ ಮಾಡೋಕೆ ಆರಿಸಿಕೊಂಡ ಜಾಗ ತಪ್ಪು ಕಣೇ :)

ಇನ್ನೊಂದು ವಿಷಯ ಬರೆಯದೇ ಇದ್ರೆ ಈ ಪತ್ರ ಸುಳ್ಳಾಗುತ್ತೆ. ಕಾಲೇಜಿನಲ್ಲಿ ನಾಲ್ಕು ವರ್ಷ ನಿನ್ನನ್ನ ಎಲ್ಲರೂ "ಕಡ್ಡಿ" ಅಂತಿದ್ದರು. ಆ ಹೆಸರು ಇಟ್ಟದ್ದು ನಾನಲ್ಲ, ಆದ್ರೆ ಮೊದಲ ವಾರದಿಂದ ಕೂಗಿದವರಲ್ಲಿ ನಾನೂ ಒಬ್ಬಳು. "ಗಾಳಿ ಬಂದ್ರೆ ಹಿಡ್ಕೊಳ್ರೋ ಇವಳನ್ನ" ಅಂದದ್ದು ನಾನೇ, ಕ್ಯಾಂಟೀನಲ್ಲಿ, ಸೀನಿಯರ್‌ಗಳ ಮುಂದೆ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನೀನು ಹೇಳಿದ್ದೆ, ದಿನಾ ರಾತ್ರಿ ಹಾಲಿಗೆ ಎರಡು ಬಾಳೆಹಣ್ಣು ಹಿಸುಕಿ ಕುಡಿದ್ರೂ ಮೈಗೆ ಹತ್ತಂಗಿಲ್ಲ, ನೋಡೋಕೆ ಬಂದ ಗಂಡಿನ ಕಡೆಯವರು "ಹುಡುಗಿಗೆ ಏನಾರ ಜಡ್ಡೈತೇನು" ಅಂತ ಕೇಳಿದ್ರು ಅಂತ. ನಾನು ಅದಕ್ಕೂ ನಕ್ಕೆ. "ನಂದು ಸ್ವಲ್ಪ ತಗೋ" ಅಂದೆ. ಸಪೂರ ಇರೋರಿಗೆ ಅಂದ್ರೆ ತಪ್ಪಲ್ಲ, ಅದು ಹೊಗಳಿಕೆಯ ಇನ್ನೊಂದು ಥರ ಅಂದುಕೊಂಡಿದ್ದೆ. ನಿನ್ನ ಮಾತು ನನಗೆ ಬಿದ್ದ ಮೇಲೆ ಅವತ್ತಿನ ನಿನ್ನ ಮುಖ ನೆನಪಾಯ್ತು. ಅದಕ್ಕೆ ಕ್ಷಮಿಸು. ಇದು ಅದಕ್ಕೆ ಇದು ಅಂತ ಸರಿದೂಗಿಸೋಕೆ ಹೇಳ್ತಿಲ್ಲ. ಅದು ಬೇರೆ ಬಾಕಿ, ಇದು ಬೇರೆ ಬಾಕಿ.

ನಿನ್ನಿಂದ ಏನು ಬೇಕು ಅಂತ ನೇರ ಹೇಳ್ತೀನಿ, ನೀನು ಊಹೆ ಮಾಡ್ತಾ ಕೂರೋದು ಬೇಡ. ನಾಲ್ಕು ಜನರ ಮುಂದೆ ನನ್ನ ಮೈ ಬಗ್ಗೆ ಮಾತು ಬೇಡ. ಕೆಟ್ಟದ್ದೂ ಬೇಡ, "ಈಗ ಇಳಿದೀಯಲ್ಲೇ" ಅನ್ನೋ ಒಳ್ಳೇದೂ ಬೇಡ. ಅದಕ್ಕೂ ಎಲ್ಲರೂ ತಿರುಗಿ ನನ್ನನ್ನ ಅಳೀತಾರೆ. ನನ್ನ ಆರೋಗ್ಯದ ಚಿಂತೆ ನಿನಗಿದ್ರೆ, ಇರುತ್ತೆ ಅಂತ ಗೊತ್ತು, ಇಬ್ಬರೇ ಇದ್ದಾಗ "ಹೆಂಗಿದ್ದೀಯೇ" ಅಂತ ಕೇಳು. ನಿದ್ದೆ ಹೆಂಗೆ, ಕೆಲಸ ಹೆಂಗೆ ಅಂತ ಕೇಳು. ತೂಕದ ಮಾತು ತಾನಾಗೇ ಬರುತ್ತೆ, ನಾನೇ ತರ್ತೀನಿ. ಇನ್ನೊಂದು, ದಯವಿಟ್ಟು ಗ್ರೂಪಿನಲ್ಲಿ ಸಾರಿ ಅಂತ ಹಾಕಬೇಡ. ಹಾಕಿದ್ರೆ ಮರೆತವರಿಗೂ ನೆನಪಾಗುತ್ತೆ, ಉಳಿದ ಏಳು ಜನ ಅಳೋ ಬೊಂಬೆ ಕಳಿಸ್ತಾರೆ, ನಾನು "ಅಯ್ಯೋ ಪರವಾಗಿಲ್ಲ" ಅಂತ ಎಲ್ಲರಿಗೂ ಉತ್ತರ ಕೊಡ್ತಾ ಕೂರಬೇಕು.

ಈ ಪತ್ರ ಓದಿ ನಿನಗೆ ಸಿಟ್ಟು ಬಂದ್ರೆ ಬರ್ಲಿ. "ಜೋಕ್ ಮಾಡಿದ್ದೆ, ಇಷ್ಟು ದೊಡ್ಡದು ಮಾಡ್ತಾಳೆ" ಅನ್ನಿಸಬಹುದು. ನನಗೂ ಒಂದು ವಾರ ಹಂಗೇ ಅನ್ನಿಸಿತ್ತು. ಸುಮ್ಮನಿರೋಣ ಅಂದುಕೊಂಡೆ. ಆಮೇಲೆ ನೋಡಿದ್ರೆ ನಿನ್ನ ಫೋನ್ ಬಂದಾಗ ನಾನು ಎತ್ತೋದು ಬಿಟ್ಟಿದ್ದೆ. ಮೂರು ಸಲ. ಮೀಟಿಂಗಲ್ಲಿದ್ದೆ ಅಂತ ಸುಳ್ಳು ಹೇಳಿದೆ. 2018ರಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಇಂಟರ್ನಲ್ಸ್ ಬಿಟ್ಟು ಎರಡು ರಾತ್ರಿ ಐಸಿಯು ಹೊರಗಿನ ಬೆಂಚಿನ ಮೇಲೆ ನನ್ನ ಜೊತೆ ಕೂತವಳ ಫೋನನ್ನ ನಾನು ಎತ್ತಲಿಲ್ಲ. ಹಿಂಗೇ ಬಿಟ್ಟರೆ ಇನ್ನೆರಡು ವರ್ಷಕ್ಕೆ ನಾವು ಹಬ್ಬಕ್ಕೆ ಫಾರ್ವರ್ಡ್ ಕಳಿಸೋ ಗೆಳತಿಯರಾಗ್ತೀವಿ. ಅದು ಬೇಡ ಅಂತ ಬರೆದೆ.

ಮಳೆ ಬಿದ್ದ ಮೇಲೆ ಸಂಡೂರಿಗೆ ಬರ್ತೀನಿ. ಆ ಕೆಂಪು ಗುಡ್ಡಗಳು ಹಸಿರಾಗಿರೋದನ್ನ ತೋರಿಸ್ತೀನಿ ಅಂತ ನಿನ್ನ ಮದುವೆ ದಿನ ಹೇಳಿದ್ದೆ. ನಾರಿಹಳ್ಳದ ಕೆರೆ ದಂಡೆಯಲ್ಲಿ ನಡೆಯೋಣ, ನನ್ನ ವೇಗದಲ್ಲಿ. ನಿಮ್ಮತ್ತೆ ಮೂರನೇ ಹೋಳಿಗೆ ಹಾಕೋಕೆ ಬಂದಾಗ ನೀನು ಏನೂ ಅನ್ನದೇ ಇದ್ರೆ ಸಾಕು, ಬೇಕೋ ಬೇಡವೋ ನಾನು ಹೇಳ್ಕೋತೀನಿ.

ನಿನ್ನ,
ನಾನು

*

ಅಂಚೆಗೆ ಹಾಕಿ ಆರನೇ ದಿನ ಅವಳಿಂದ "ಬಂತು" ಅಂತ ಒಂದೇ ಪದ ಬಂತು. ಆಮೇಲೆ ನಾಲ್ಕು ದಿನ ಏನೂ ಇಲ್ಲ. ಆ ನಾಲ್ಕು ದಿನ ನಾನು ಆಫೀಸಲ್ಲಿ ಮಾಡಿದ ಕೆಲಸವನ್ನ ಇನ್ನೊಂದು ಸಲ ಯಾರಾದ್ರೂ ಚೆಕ್ ಮಾಡೋದು ಒಳ್ಳೇದು.

ಐದನೇ ದಿನ ರಾತ್ರಿ ಹತ್ತೂವರೆಗೆ ಫೋನು. ಅವಳು ಸಾರಿ ಅನ್ನಲಿಲ್ಲ, ಮೊದಲು ಬೈದಳು. "ಮೂರು ಸಲ ಮೀಟಿಂಗ್ ಅಂತ ಸುಳ್ಳು ಹೇಳೀಯೇನಲೇ?" ಅಂತ. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದಳು. ಆ ಕಡೆ ಕುಕ್ಕರ್ ಕೂಗೋದು ಕೇಳಿಸ್ತಿತ್ತು. "ಬಾಳೆಹಣ್ಣಿಂದು ನೆನಪೈತಾ ನಿನಗ?" ಅಂದಳು. ಐತಿ ಅಂದೆ. "ನಾ ಅವತ್ತು ಮನಿಗ್ ಹೋಗಿ ಅತ್ತಿದ್ದೆ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಸುಮ್ಮನೆ. ಮಾತ್ರೆ ಯಾವ ಟೈಮಿಗೆ ತಗೋತೀಯ, ಕೂದಲು ಉದುರೋದು ನಿಂತಿತಾ ಅಂತ ಕೇಳಿದಳು. ಅವಳ ಅತ್ತೆಗೂ ಅದೇ ಮಾತ್ರೆಯಂತೆ, ಅವರೂ ಚಹಾ ಜೊತೆ ನುಂಗ್ತಾರಂತೆ. ನಾಳೆಯಿಂದಲೇ ಬಿಡಿಸ್ತೀನಿ ಅಂದಳು.

ಫೋನ್ ಇಡೋ ಮುಂಚೆ ಕೇಳಿದಳು.

"ಅವತ್ತಿನ ಗ್ರೂಪ್ ಫೋಟೋ ನನ್ನ ಫೋನಿನಾಗೈತಿ. ನಿನ್ನ ಮುಖ ಅರ್ಧ ಅಷ್ಟೇ ಕಾಣ್ತದ. ಕಳಿಸ್ಲೋ, ಬ್ಯಾಡೋ?"

ಕಳಿಸು ಅಂದೆ.